ಬಿಸಿಯೂಟದ ತಟ್ಟೆಯಲ್ಲಿ ಏನಿದೆ? ಮುಖ್ಯ ಶಿಕ್ಷಕರಿಗೆ ತಾಯಿ ಬರೆಯುವ ಪತ್ರ: ಸಮಗ್ರ ಮಾರ್ಗದರ್ಶಿ

ಮಗಳಿಗೆ ರಕ್ತ ಕಮ್ಮಿ ಇದೆ ಅಂತ ಡಾಕ್ಟರು ಹೇಳುತ್ತಾರೆ. ಬೆಳಿಗ್ಗೆ ಏನು ತಿನ್ನುತ್ತಾಳೆ, ರಾತ್ರಿ ಏನು ತಿನ್ನುತ್ತಾಳೆ ಅಂತ ಕೇಳುತ್ತಾರೆ. ಅದನ್ನು ಯಾವ ತಾಯಿಯೂ ಹೇಳಬಲ್ಲಳು. ಮಧ್ಯಾಹ್ನ ಏನು ತಿನ್ನುತ್ತಾಳೆ ಅಂದಾಗ ಮಾತ್ರ "ಶಾಲೆಯಲ್ಲಿ ಬಿಸಿಯೂಟ ಸರ್" ಅನ್ನುವುದಕ್ಕಿಂತ ಹೆಚ್ಚು ಹೇಳಲು ಆಗುವುದಿಲ್ಲ. ಆಗ ಶಾಲೆಗೆ ಒಂದು ಪತ್ರ ಬರೆಯೋಣ ಅನ್ನಿಸುತ್ತದೆ. ಆ ಪತ್ರವನ್ನು ಹೇಗೆ ಬರೆಯಬೇಕು, ಯಾವುದನ್ನು ಕೇಳಬೇಕು, ಬಂದ ಉತ್ತರವನ್ನು ಹೇಗೆ ಓದಬೇಕು ಎಂಬುದು ಈ ಬರಹದ ವಿಷಯ. ಕರ್ನಾಟಕದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯನ್ನು, ಅಂದರೆ ಅಲ್ಲೇ ಅಡುಗೆ ಮನೆ ಇರುವ ಶಾಲೆಯನ್ನು, ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ.

ಪೋಷಕಾಂಶ ಕೇಳಬೇಡಿ, ಅಳತೆ ಕೇಳಿ

ಹೆಚ್ಚಿನ ಪತ್ರಗಳು ಕೆಲಸ ಮಾಡದಿರುವುದು ಇಲ್ಲಿಯೇ. "ಊಟದಲ್ಲಿರುವ ಪೋಷಕಾಂಶಗಳ ವಿವರ ಕೊಡಿ" ಅಂತ ಬರೆದರೆ ಮುಖ್ಯ ಶಿಕ್ಷಕರ ಹತ್ತಿರ ಕೊಡಲು ಏನೂ ಇರುವುದಿಲ್ಲ. ಶಾಲೆಯಲ್ಲಿ ಪ್ರಯೋಗಾಲಯವಿಲ್ಲ. ಸಾಂಬಾರಿನಲ್ಲಿ ಎಷ್ಟು ಪ್ರೋಟೀನ್ ಇದೆ ಎಂದು ಅವರು ಅಳೆಯುವುದೂ ಇಲ್ಲ. ಹಾಗಾಗಿ ಅವರು ಸರ್ಕಾರದ ಸುತ್ತೋಲೆಯಲ್ಲಿರುವ ಅಂಕಿಯನ್ನೇ ನಕಲು ಮಾಡಿ ಕೊಡುತ್ತಾರೆ: "ನಿಯಮದಂತೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್ ನೀಡಲಾಗುತ್ತಿದೆ." ಅದು ನಿಯಮ ಏನೆಂದು ಹೇಳುತ್ತದೆ ಅಷ್ಟೇ. ನಿಮ್ಮ ಮಗಳ ತಟ್ಟೆಗೆ ಏನು ಬಿತ್ತು ಎಂದು ಹೇಳುವುದಿಲ್ಲ.

ಆದರೆ ಶಾಲೆಯಲ್ಲಿ ಬೇರೆ ಒಂದು ಲೆಕ್ಕ ಖಂಡಿತ ಇರುತ್ತದೆ. ಇವತ್ತು ಎಷ್ಟು ಮಕ್ಕಳು ಊಟ ಮಾಡಿದರು, ಎಷ್ಟು ಕಿಲೋ ಅಕ್ಕಿ ಬಳಸಿದೆವು, ಎಷ್ಟು ಬೇಳೆ, ಎಷ್ಟು ಎಣ್ಣೆ, ದಾಸ್ತಾನು ಎಷ್ಟು ಉಳಿಯಿತು ಎಂದು ಬಿಸಿಯೂಟದ ವಹಿಯಲ್ಲಿ ದಿನವೂ ಬರೆಯಬೇಕು. ಪಾತ್ರೆಗೆ ಏನು ಬಿತ್ತು ಎಂದು ಗೊತ್ತಾದರೆ ಪೋಷಕಾಂಶವನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ಕೂಡುವುದು, ಗುಣಿಸುವುದು ಬಂದರೆ ಸಾಕು. ಅದಕ್ಕೇ ಪತ್ರದಲ್ಲಿ ಕೇಳಬೇಕಾದದ್ದು ಅಳತೆ.

ಮೊದಲು ಸರ್ಕಾರದ ಅಳತೆ ತಿಳಿದುಕೊಳ್ಳಿ

ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ 2013ರಲ್ಲಿ ಬಂತು. ಅದರ ಕೆಳಗೆ 2015ರಲ್ಲಿ ಮಧ್ಯಾಹ್ನದ ಊಟದ ನಿಯಮಗಳು ಬಂದವು. ಈಗ ಯೋಜನೆಗೆ ಪಿಎಂ ಪೋಷಣ್ ಎಂಬ ಹೆಸರಿದೆ. ನಮ್ಮಲ್ಲಿ ಹಳೆಯ ಹೆಸರು ಅಕ್ಷರ ದಾಸೋಹವೇ ಹೆಚ್ಚು ಬಳಕೆಯಲ್ಲಿದೆ. 1ರಿಂದ 5ನೇ ತರಗತಿಯ ಮಗುವಿಗೆ ಒಂದು ಊಟದಲ್ಲಿ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಸಿಗಬೇಕು. 6ರಿಂದ 8ನೇ ತರಗತಿಯ ಮಗುವಿಗೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್.

ಇದನ್ನು ಪದಾರ್ಥದ ಲೆಕ್ಕದಲ್ಲೂ ಹೇಳಿದ್ದಾರೆ, ನಮಗೆ ಬೇಕಿರುವುದು ಅದು. ಚಿಕ್ಕ ಮಕ್ಕಳಿಗೆ ತಲಾ 100 ಗ್ರಾಂ ಅಕ್ಕಿ ಅಥವಾ ಗೋಧಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ದೊಡ್ಡವರಿಗೆ ತಲಾ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, 7.5 ಗ್ರಾಂ ಎಣ್ಣೆ. ಇದೆಲ್ಲ ಬೇಯಿಸುವ ಮೊದಲಿನ ತೂಕ. ಬೆಂದ ಅನ್ನ ನೀರು ಕುಡಿದು ಎರಡೂವರೆ, ಮೂರು ಪಟ್ಟು ತೂಗುತ್ತದೆ. ತಟ್ಟೆಯ ಅನ್ನವನ್ನು ತೂಗಿ "ಜಾಸ್ತಿನೇ ಕೊಡ್ತಾರಲ್ಲ" ಅಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಈ ಅಳತೆಯಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಕ್ಯಾಲೊರಿಯಲ್ಲಿ ಹೆಚ್ಚಿನ ಪಾಲು ಅಕ್ಕಿಯಿಂದಲೇ ಬರುತ್ತದೆ, ಅಕ್ಕಿ ಸಾಮಾನ್ಯವಾಗಿ ಕಮ್ಮಿ ಬೀಳುವುದಿಲ್ಲ. ಹಾಗಾಗಿ ಕ್ಯಾಲೊರಿ ಸರಿಯಾಗಿದೆ ಎಂದರೆ ನಮಗೆ ಹೆಚ್ಚೇನೂ ತಿಳಿದಂತಲ್ಲ. ಪ್ರೋಟೀನ್ ಹಾಗಲ್ಲ. 6ನೇ ತರಗತಿಯ ಮಗುವಿಗೆ ಇಡೀ ಅಳತೆ ಬಿದ್ದರೂ 20 ಗ್ರಾಂ ಗಡಿಯನ್ನು ಬರೀ ಮುಟ್ಟುತ್ತದೆ. ಬೇಳೆ ಸ್ವಲ್ಪ ಕಮ್ಮಿಯಾದರೂ ಕೆಳಗೆ ಜಾರುತ್ತದೆ. ನೋಡಬೇಕಾದದ್ದು ಬೇಳೆ ಮತ್ತು ತರಕಾರಿಯನ್ನು.

ಪತ್ರಕ್ಕೆ ಮೊದಲು ಎರಡು ಕೆಲಸ

ಒಂದು, ಮಗಳ ಹತ್ತಿರ ಮಾತಾಡಿ. ಒಂದು ವಾರ ದಿನವೂ ಸಂಜೆ ಸುಮ್ನೆ ಕೇಳಿ: ಇವತ್ತು ಏನಿತ್ತು, ಎಷ್ಟು ಹಾಕಿಸಿಕೊಂಡೆ, ಏನು ಬಿಟ್ಟೆ? ವಿಚಾರಣೆಯ ಧಾಟಿ ಬೇಡ, ಆಗ ಮಕ್ಕಳು ಅಮ್ಮನಿಗೆ ಇಷ್ಟವಾಗುವ ಉತ್ತರ ಹೇಳುತ್ತಾರೆ. ಎಷ್ಟೋ ಸಲ ಸಾಂಬಾರಿನಲ್ಲಿ ತರಕಾರಿ ಇರುತ್ತದೆ, ಮಗು ಅದನ್ನು ತಟ್ಟೆಯ ಬದಿಗೆ ತಳ್ಳಿ ಬರೀ ಅನ್ನ ತಿಂದು ಎದ್ದಿರುತ್ತದೆ. ಹಾಗಿದ್ದರೆ ತೊಂದರೆ ಅಡುಗೆ ಮನೆಯಲ್ಲಿಲ್ಲ, ಪತ್ರದಿಂದ ಅದು ಸರಿಹೋಗುವುದೂ ಇಲ್ಲ.

ಎರಡು, ಶಾಲೆಯ ಗೋಡೆ ನೋಡಿ. ಎಷ್ಟು ಧಾನ್ಯ ಬಂತು, ಎಷ್ಟು ಬಳಕೆಯಾಯಿತು, ಬೇರೆ ಏನೇನು ಕೊಂಡರು, ಎಷ್ಟು ಮಕ್ಕಳು ಊಟ ಮಾಡಿದರು, ದಿನದ ಊಟ ಯಾವುದು ಎಂಬುದನ್ನು ಶಾಲೆಯೇ ಎಲ್ಲರಿಗೂ ಕಾಣುವಂತೆ ಬರೆದು ಹಾಕಬೇಕು ಎಂದು ಯೋಜನೆಯ ಮಾರ್ಗಸೂಚಿಯೇ ಹೇಳುತ್ತದೆ. ಹಲವು ಶಾಲೆಗಳಲ್ಲಿ ವಾರದ ಊಟದ ಪಟ್ಟಿ ಬಣ್ಣದಲ್ಲಿ ಬರೆದಿರುತ್ತದೆ, ಅಳತೆಯ ಜಾಗ ಮಾತ್ರ ಖಾಲಿ ಇರುತ್ತದೆ. ಫಲಕದಲ್ಲಿ ಎಲ್ಲ ಇದ್ದರೆ ನಿಮ್ಮ ಅರ್ಧ ಕೆಲಸ ಅಲ್ಲೇ ಮುಗಿಯಿತು. ಖಾಲಿ ಇದ್ದರೆ ಪತ್ರದಲ್ಲಿ ಬರೆಯಲು ಒಂದು ಸಾಲು ಸಿಕ್ಕಿತು.

ಪತ್ರದಲ್ಲಿ ಏನಿರಬೇಕು

ಒಂದೇ ಪುಟ. ಅದಕ್ಕಿಂತ ಜಾಸ್ತಿಯಾದರೆ ಮೇಜಿನ ಮೇಲೆ ಉಳಿಯುತ್ತದೆ.

ಕಾರಣವನ್ನು ಮೊದಲ ಎರಡು ಸಾಲಿನಲ್ಲೇ ಹೇಳಿಬಿಡಿ. ಬಿಸಿಯೂಟದ ಬಗ್ಗೆ ಲಿಖಿತ ಪತ್ರ ಬಂದರೆ ಮುಖ್ಯ ಶಿಕ್ಷಕರಿಗೆ ಮೊದಲು ಅನ್ನಿಸುವುದು "ಇದು ದೂರು" ಎಂದೇ. ಆ ಭಯ ನೇರವಾಗಿ ಅಡುಗೆಯವರ ತಲೆ ಮೇಲೆ ಬೀಳುತ್ತದೆ. ಅವರು ಕಮ್ಮಿ ಗೌರವಧನಕ್ಕೆ ದುಡಿಯುವ ಅದೇ ಊರಿನ ಹೆಂಗಸರು. ಬೇಳೆ ಎಷ್ಟು ಬರಬೇಕು, ತರಕಾರಿಗೆ ಎಷ್ಟು ದುಡ್ಡು ಎಂದು ತೀರ್ಮಾನಿಸುವವರು ಅವರಲ್ಲ. ಇದು ದೂರಲ್ಲ, ಡಾಕ್ಟರಿಗೆ ತೋರಿಸಲು ಬೇಕು ಎಂದು ಸ್ಪಷ್ಟವಾಗಿ ಬರೆದರೆ ಶಾಲೆಯವರ ಮನಸ್ಸು ಹಗುರವಾಗುತ್ತದೆ, ಉತ್ತರವೂ ಬೇಗ ಬರುತ್ತದೆ.

ಕಳೆದ ಒಂದು ವಾರದ ಲೆಕ್ಕ ಕೇಳಿ, ದಿನಾಂಕ ಹಾಕಿ. ಇಡೀ ವರ್ಷದ್ದು ಕೇಳಿದರೆ ನಕಲು ಮಾಡುವುದೇ ದೊಡ್ಡ ಕೆಲಸವಾಗಿ ಪತ್ರ ಹಿಂದೆ ಬೀಳುತ್ತದೆ. ಮುಂದಿನ ವಾರದ್ದನ್ನು ಕೇಳಲೇಬೇಡಿ. ಯಾರೋ ನೋಡುತ್ತಾರೆ ಎಂದು ಗೊತ್ತಾದ ವಾರ ಸಾಂಬಾರು ಗಟ್ಟಿಯಾಗಿಯೇ ಇರುತ್ತದೆ, ಅಲ್ವಾ?

ಮೊಟ್ಟೆ ಮತ್ತು ಹಾಲನ್ನು ಬೇರೆಯಾಗಿ ಕೇಳಿ. ಇವು ಊಟದ ಮೇಲೆ ಹೆಚ್ಚುವರಿಯಾಗಿ ಕೊಡುವಂಥವು. ಕ್ಷೀರಭಾಗ್ಯ 2013ರ ಆಗಸ್ಟ್‌ನಿಂದ ಇದೆ. ಒಂದು ಮಗುವಿಗೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ 150 ಮಿಲಿ ಹಾಲು ಎಂಬುದು ಅದರ ಅಳತೆ. ಮೊಟ್ಟೆ, ಅದು ಬೇಡವೆಂದವರಿಗೆ ಬಾಳೆಹಣ್ಣು ಕೊಡುವ ಯೋಜನೆ ಆಮೇಲೆ ಬಂತು. ಮೊದಲು ಶೇಂಗಾ ಚಿಕ್ಕಿಯನ್ನೂ ಕೊಡುತ್ತಿದ್ದರು, 2025ರಲ್ಲಿ ಅದನ್ನು ನಿಲ್ಲಿಸಿದರು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಬೇಳೆ ಕಮ್ಮಿಯಾದ ಊಟಕ್ಕೆ ಮೊಟ್ಟೆಯ ಲೆಕ್ಕ ಸೇರಿಸಿಬಿಟ್ಟರೆ 20 ಗ್ರಾಂ ಸುಲಭವಾಗಿ ದಾಟುತ್ತದೆ. ಹಾಗೆ ಮಾಡಿದರೆ ಹೆಚ್ಚುವರಿ ಎಂದು ಕೊಟ್ಟದ್ದು ಹೆಚ್ಚುವರಿಯಾಗಿ ಉಳಿಯುವುದೇ ಇಲ್ಲ. ಮಗುವಿಗೆ ಯಾವುದಾದರೂ ಪದಾರ್ಥ ಆಗದಿದ್ದರೆ ಅದನ್ನು ಇದೇ ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ.

ಪ್ರಯೋಗಾಲಯದ ವರದಿ ಇದ್ದರೆ ಅದನ್ನೂ ಕೇಳಿ. 2015ರ ನಿಯಮದ ಪ್ರಕಾರ ಆಯ್ದ ಕೆಲವು ಶಾಲೆಗಳಿಂದ ಅಥವಾ ಕೇಂದ್ರ ಅಡುಗೆ ಮನೆಗಳಿಂದ ತಿಂಗಳಿಗೆ ಒಮ್ಮೆಯಾದರೂ ಊಟದ ಮಾದರಿ ತೆಗೆದು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಬೇಕು. ನಿಮ್ಮ ಶಾಲೆಯ ಸರದಿ ಬಂದೇ ಇಲ್ಲದಿರಬಹುದು. ಆದರೆ "ನಮ್ಮ ಶಾಲೆಯಿಂದ ಮಾದರಿ ತೆಗೆದಿಲ್ಲ" ಎಂಬ ಉತ್ತರಕ್ಕೂ ಬೆಲೆ ಇದೆ.

ಪತ್ರದ ಮಾದರಿ

ಕೈಬರಹದಲ್ಲೇ ಬರೆಯಬಹುದು, ಟೈಪ್ ಮಾಡಿಸಲೇಬೇಕು ಎಂದೇನಿಲ್ಲ. ನಿಮ್ಮದು ಕರ್ನಾಟಕ ಪಬ್ಲಿಕ್ ಶಾಲೆಯಾಗಿದ್ದರೆ "ಮುಖ್ಯ ಶಿಕ್ಷಕರು" ಇರುವ ಕಡೆ "ಪ್ರಾಂಶುಪಾಲರು" ಎಂದು ಬರೆಯಿರಿ.

> ದಿನಾಂಕ:
> ಸ್ಥಳ:
>
> ಇವರಿಂದ,
> (ತಾಯಿಯ ಹೆಸರು, ವಿಳಾಸ, ಫೋನ್ ಸಂಖ್ಯೆ)
>
> ಇವರಿಗೆ,
> ಮುಖ್ಯ ಶಿಕ್ಷಕರು,
> ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ,
> (ಊರು, ತಾಲ್ಲೂಕು)
>
> ವಿಷಯ: ಮಧ್ಯಾಹ್ನದ ಬಿಸಿಯೂಟದಲ್ಲಿ ಬಳಸುವ ಪದಾರ್ಥಗಳ ಅಳತೆ ಮತ್ತು ಪೋಷಕಾಂಶದ ವಿವರ ಕೋರಿ.
>
> ಮಾನ್ಯರೇ,
>
> ತಮ್ಮ ಶಾಲೆಯ 6ನೇ ತರಗತಿಯಲ್ಲಿ ಓದುತ್ತಿರುವ (ಮಗಳ ಹೆಸರು) ನನ್ನ ಮಗಳು. ಅವಳಿಗೆ ರಕ್ತಹೀನತೆ ಇದೆಯೆಂದು ವೈದ್ಯರು ತಿಳಿಸಿದ್ದಾರೆ. ಅವಳು ದಿನವಿಡೀ ತಿನ್ನುವ ಆಹಾರದ ವಿವರವನ್ನು ಕೇಳಿದ್ದಾರೆ. ಶಾಲೆಯಲ್ಲಿ ತಿನ್ನುವ ಊಟದ ವಿವರ ನನಗೆ ಗೊತ್ತಿಲ್ಲದ ಕಾರಣ ಈ ಪತ್ರ ಬರೆಯುತ್ತಿದ್ದೇನೆ. ಇದು ಅಡುಗೆಯವರ ಮೇಲಾಗಲಿ ಶಿಕ್ಷಕರ ಮೇಲಾಗಲಿ ದೂರು ಅಲ್ಲ.
>
> ದಿನಾಂಕ ______ ರಿಂದ ______ ವರೆಗಿನ ಒಂದು ವಾರಕ್ಕೆ ಸಂಬಂಧಿಸಿ ಈ ವಿವರಗಳನ್ನು ಕೊಡಬೇಕೆಂದು ಕೋರುತ್ತೇನೆ:
>
> 1. ಪ್ರತಿ ದಿನ ಮಾಡಿದ ಅಡುಗೆ, ಮತ್ತು ಊಟ ಮಾಡಿದ ಮಕ್ಕಳ ಸಂಖ್ಯೆ (1ರಿಂದ 5, 6ರಿಂದ 8 ಬೇರೆ ಬೇರೆಯಾಗಿ).
> 2. ಪ್ರತಿ ದಿನ ಬಳಸಿದ ಅಕ್ಕಿ ಅಥವಾ ಗೋಧಿ, ಬೇಳೆ, ತರಕಾರಿ ಮತ್ತು ಎಣ್ಣೆಯ ತೂಕ. ತರಕಾರಿ ಯಾವುದು ಎಂಬುದನ್ನೂ ತಿಳಿಸಬೇಕು.
> 3. ಮೊಟ್ಟೆ ಅಥವಾ ಬಾಳೆಹಣ್ಣು, ಹಾಲು ಕೊಟ್ಟ ದಿನಗಳು. ಇವು ಊಟದ ಅಳತೆಯಿಂದ ಬೇರೆಯಾಗಿರಲಿ.
> 4. ಶಾಲೆಗೆ ಬರುವ ಅಕ್ಕಿ ಕಬ್ಬಿಣಾಂಶ ಸೇರಿಸಿದ ಸಾರವರ್ಧಿತ ಅಕ್ಕಿಯೇ, ಅಲ್ಲವೇ.
> 5. ಊಟದ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದರೆ ಇತ್ತೀಚಿನ ವರದಿಯ ಪ್ರತಿ.
> 6. ನನ್ನ ಮಗಳಿಗೆ ಶಾಲೆಯಲ್ಲಿ ಕಬ್ಬಿಣಾಂಶದ ಮಾತ್ರೆ ಮತ್ತು ಜಂತುಹುಳುವಿನ ಮಾತ್ರೆ ಕೊನೆಯದಾಗಿ ಕೊಟ್ಟ ದಿನಾಂಕ.
>
> ತುಂಬಲು ಸುಲಭವಾಗಲೆಂದು ಖಾಲಿ ಪಟ್ಟಿಯೊಂದನ್ನು ಲಗತ್ತಿಸಿದ್ದೇನೆ. ವಹಿಯ ಆ ವಾರದ ಪುಟಗಳ ಜೆರಾಕ್ಸ್ ಕೊಟ್ಟರೂ ಸಾಕು, ಅದರ ಖರ್ಚನ್ನು ನಾನೇ ಕೊಡುತ್ತೇನೆ. ತಾವು ಒಪ್ಪಿದರೆ ಒಂದು ದಿನ ಅಡುಗೆ ಮಾಡುವ ಹೊತ್ತಿಗೆ ಬಂದು ನೋಡಲೂ ಸಿದ್ಧಳಿದ್ದೇನೆ.
>
> ವೈದ್ಯರನ್ನು ಮತ್ತೆ ಕಾಣಬೇಕಾದ ದಿನ ______. ಅದಕ್ಕೆ ಮೊದಲು ವಿವರ ಕೊಟ್ಟರೆ ಉಪಕಾರವಾಗುತ್ತದೆ.
>
> ವಂದನೆಗಳೊಂದಿಗೆ,
> ತಮ್ಮ ವಿಶ್ವಾಸಿ,
> (ಸಹಿ)
>
> ಪ್ರತಿ: ಅಧ್ಯಕ್ಷರು, ಎಸ್‌ಡಿಎಂಸಿ, ಮಾಹಿತಿಗಾಗಿ.

ಕೆಲವು ಸಾಲುಗಳ ಬಗ್ಗೆ ಹೇಳಬೇಕು. ಆರನೆಯದು ಊಟಕ್ಕೆ ಸಂಬಂಧಿಸಿದ್ದಲ್ಲ, ಆದರೂ ಬೇಕು. 10 ವರ್ಷ ದಾಟಿದ ಮಕ್ಕಳಿಗೆ ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುವ ಕಾರ್ಯಕ್ರಮವಿದೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ರಕ್ತಹೀನತೆ ನೋಡುವ ಡಾಕ್ಟರಿಗೆ ಇದು ಗೊತ್ತಿರಲೇಬೇಕು. ಖಾಲಿ ಪಟ್ಟಿಯನ್ನು ನೀವೇ ಗೆರೆ ಎಳೆದು ಮಾಡಿ: ಎಡಗಡೆ ಆರು ದಿನಾಂಕ, ಮೇಲ್ಗಡೆ ಅಡುಗೆ, ಚಿಕ್ಕ ಮಕ್ಕಳು, ದೊಡ್ಡ ಮಕ್ಕಳು, ಅಕ್ಕಿ, ಬೇಳೆ, ತರಕಾರಿ, ಎಣ್ಣೆ. ಪಟ್ಟಿ ಕೈಗೆ ಕೊಟ್ಟರೆ ತುಂಬುವುದು ಹತ್ತು ನಿಮಿಷದ ಕೆಲಸ. ಕೊಡದಿದ್ದರೆ "ಹೇಗೆ ಬರೆಯೋದು" ಎಂದು ಯೋಚಿಸುತ್ತಲೇ ದಿನ ಹೋಗುತ್ತದೆ.

ಎಸ್‌ಡಿಎಂಸಿಗೆ ಪ್ರತಿ ಹಾಕುವುದು ಹೆದರಿಸಲಿಕ್ಕಲ್ಲ. ಊಟದ ಗುಣಮಟ್ಟ, ಅಡುಗೆ ಮನೆಯ ಸ್ವಚ್ಛತೆ ನೋಡಿಕೊಳ್ಳುವ ಹೊಣೆಯನ್ನು ನಿಯಮವೇ ಶಾಲಾ ಸಮಿತಿಗೆ ಕೊಟ್ಟಿದೆ. ಮುಂದೆ ಮಾತುಕತೆ ಬೇಕಾದರೆ ನಡೆಯುವುದೂ ಅಲ್ಲೇ.

ಕೊಡುವ ರೀತಿ

ಎರಡು ಪ್ರತಿ ಮಾಡಿ. ಒಂದನ್ನು ಮುಖ್ಯ ಶಿಕ್ಷಕರ ಕೈಗೇ ಕೊಡಿ, ಇನ್ನೊಂದರ ಮೇಲೆ ಶಾಲೆಯ ಮುದ್ರೆ, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಮಗಳ ಬ್ಯಾಗಿನಲ್ಲಿಟ್ಟು ಕಳಿಸಬೇಡಿ. ಪತ್ರದಿಂದ ಏನಾದರೂ ಮಾತು ಬಂದರೆ ಅದು ಮಗುವಿನ ಮೇಲೆ ಬರಬಾರದು. ಬೆಳಗಿನ ಪ್ರಾರ್ಥನೆಯ ಹೊತ್ತು, ಊಟ ಬಡಿಸುವ ಹೊತ್ತು ಬಿಟ್ಟು ಹೋಗಿ.

ಹೋದಾಗ "ಯಾಕಮ್ಮ, ಊಟ ಚೆನ್ನಾಗಿಲ್ವಾ?" ಎಂಬ ಪ್ರಶ್ನೆ ಬರುವುದು ಹೆಚ್ಚು ಕಮ್ಮಿ ಖಚಿತ. "ಚೆನ್ನಾಗಿದೆ ಅಂತಾಳೆ ಸರ್, ಡಾಕ್ಟರು ಲೆಕ್ಕ ಕೇಳ್ತಿದಾರೆ, ಅಷ್ಟೆ" ಎಂದರೆ ಸಾಕು. ಅಲ್ಲೇ ವಾದಕ್ಕೆ ಇಳಿಯಬೇಡಿ. ಕೆಲವು ಮುಖ್ಯ ಶಿಕ್ಷಕರು ಆಗಲೇ ವಹಿ ತೆಗೆದು "ನೋಡ್ಕೊಳಿ" ಅಂತ ಮುಂದಿಡುತ್ತಾರೆ. ಅವರ ಒಪ್ಪಿಗೆ ಕೇಳಿ ಫೋನಿನಲ್ಲಿ ಪುಟದ ಫೋಟೊ ತೆಗೆದುಕೊಂಡರೆ ಮುಗಿಯಿತು, ಉತ್ತರಕ್ಕೆ ಕಾಯುವ ಕೆಲಸವಿಲ್ಲ.

ಉತ್ತರ ಬಂದ ಮೇಲೆ: ಒಂದು ದಿನದ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮಂಗಳವಾರ, ಅನ್ನ ಸಾಂಬಾರು. 1ರಿಂದ 5ರವರೆಗೆ 60 ಮಕ್ಕಳು, 6ರಿಂದ 8ರವರೆಗೆ 40 ಮಕ್ಕಳು ಊಟ ಮಾಡಿದ್ದಾರೆ. ವಹಿಯಲ್ಲಿ ಬಳಕೆ ಹೀಗಿದೆ ಎಂದುಕೊಳ್ಳಿ: ಅಕ್ಕಿ 11 ಕಿಲೋ, ಬೇಳೆ 1.8 ಕಿಲೋ, ತರಕಾರಿ 4 ಕಿಲೋ, ಎಣ್ಣೆ ಅರ್ಧ ಕಿಲೋ.

ಮೊದಲು ಎಷ್ಟು ಬೇಕಿತ್ತು ಎಂದು ನೋಡಿ. ಚಿಕ್ಕವರ 60 ಊಟಕ್ಕೆ ಅಕ್ಕಿ 6 ಕಿಲೋ, ಬೇಳೆ 1.2 ಕಿಲೋ, ತರಕಾರಿ 3 ಕಿಲೋ, ಎಣ್ಣೆ 300 ಗ್ರಾಂ. ದೊಡ್ಡವರು 40 ಜನ, ಅಳತೆ ಒಂದೂವರೆ ಪಟ್ಟು, ಹಾಗಾಗಿ ಅವರಿಗೂ ಅಷ್ಟೇ. ಒಟ್ಟು ಬೇಕಿದ್ದದ್ದು ಅಕ್ಕಿ 12 ಕಿಲೋ, ಬೇಳೆ 2.4 ಕಿಲೋ, ತರಕಾರಿ 6 ಕಿಲೋ, ಎಣ್ಣೆ 600 ಗ್ರಾಂ.

ಅಕ್ಕಿ ಒಂದು ಕಿಲೋ ಕಮ್ಮಿ. ಅದನ್ನು ದೊಡ್ಡದು ಮಾಡಬೇಕಿಲ್ಲ, ಚಿಕ್ಕ ಮಕ್ಕಳು 100 ಗ್ರಾಂ ಅಕ್ಕಿಯ ಅನ್ನವನ್ನು ಎಷ್ಟೋ ಸಲ ಪೂರ್ತಿ ತಿನ್ನುವುದಿಲ್ಲ. ಅನುಭವವಿರುವ ಅಡುಗೆಯವರು ಅನ್ನ ದಂಡವಾಗದ ಹಾಗೆ ನೋಡಿಯೇ ಅಕ್ಕಿ ಹಾಕುತ್ತಾರೆ. ಆದರೆ ಬೇಳೆ ಬೇಕಾದದ್ದರ ನಾಲ್ಕರಲ್ಲಿ ಮೂರು ಪಾಲು ಮಾತ್ರ. ತರಕಾರಿ ಮೂರರಲ್ಲಿ ಎರಡು ಪಾಲು.

ಈಗ ನಿಮ್ಮ ಮಗಳ ಪಾಲು. ಅವಳಿಗೆ 30 ಗ್ರಾಂ ಬೇಳೆ ಸಿಗಬೇಕಿತ್ತು, ಮುಕ್ಕಾಲು ಪಾಲು ಎಂದರೆ 22.5 ಗ್ರಾಂ. ತರಕಾರಿ 75ರ ಬದಲು 50 ಗ್ರಾಂ. ಅಕ್ಕಿ 150ರ ಬದಲು ಸುಮಾರು 137 ಗ್ರಾಂ. ಎಣ್ಣೆ 7.5ರ ಬದಲು 6 ಗ್ರಾಂ ಚಿಲ್ಲರೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ನಮ್ಮ ದೇಶದ ಆಹಾರ ಪದಾರ್ಥಗಳಲ್ಲಿ ಏನೆಷ್ಟಿದೆ ಎಂದು ಅಳೆದು 2017ರಲ್ಲಿ ಪ್ರಕಟಿಸಿದೆ. ಅದನ್ನು ಮನೆ ಲೆಕ್ಕಕ್ಕೆ ಇಳಿಸಿದರೆ ಇಷ್ಟು ನೆನಪಿಟ್ಟರೆ ಸಾಕು: 10 ಗ್ರಾಂ ಅಕ್ಕಿಯಲ್ಲಿ ಸುಮಾರು 36 ಕ್ಯಾಲೊರಿ, 0.8 ಗ್ರಾಂ ಪ್ರೋಟೀನ್. 10 ಗ್ರಾಂ ತೊಗರಿ ಬೇಳೆಯಲ್ಲಿ 33 ಕ್ಯಾಲೊರಿ, 2.2 ಗ್ರಾಂ ಪ್ರೋಟೀನ್. ಎಣ್ಣೆಯಲ್ಲಿ ಪ್ರೋಟೀನ್ ಇಲ್ಲ, ಒಂದು ಗ್ರಾಂಗೆ 9 ಕ್ಯಾಲೊರಿ. ತರಕಾರಿ ಯಾವುದು ಎಂಬುದರ ಮೇಲೆ ಬದಲಾಗುತ್ತದೆ, ಸರಾಸರಿಗೆ 50 ಗ್ರಾಂನಲ್ಲಿ 1 ಗ್ರಾಂ ಪ್ರೋಟೀನ್, 15 ಕ್ಯಾಲೊರಿ ಎಂದಿಟ್ಟುಕೊಳ್ಳಿ.

ಗುಣಿಸಿ ಕೂಡಿದರೆ ಪ್ರೋಟೀನ್ ಅಕ್ಕಿಯಿಂದ 11 ಗ್ರಾಂ, ಬೇಳೆಯಿಂದ 5, ತರಕಾರಿಯಿಂದ 1, ಒಟ್ಟು 17 ಗ್ರಾಂ. ಕ್ಯಾಲೊರಿ ಸುಮಾರು 640. ಪೂರ್ತಿ ಅಳತೆ ಹಾಕಿದ್ದರೆ 20 ಗ್ರಾಂ ಪ್ರೋಟೀನ್, 700 ದಾಟಿದ ಕ್ಯಾಲೊರಿ ಸಿಗುತ್ತಿತ್ತು. ಅಂದರೆ ಅರ್ಧ ಮೊಟ್ಟೆಯಷ್ಟು ಪ್ರೋಟೀನ್ ಆ ದಿನ ಕಮ್ಮಿ ಬಿತ್ತು. ಇದು ಪಾತ್ರೆಯ ಸರಾಸರಿ ಎಂಬುದು ನೆನಪಿರಲಿ. ಸೌಟು ಅಡಿಗೆ ಹೋಗಿ ಬಂದರೆ ಬೇಳೆ ಸಿಗುತ್ತದೆ, ಮೇಲೆ ಮೇಲೆ ಬಡಿಸಿದರೆ ತಿಳಿ ಸಿಗುತ್ತದೆ. ಸಾಲಿನಲ್ಲಿ ಮೊದಲು ನಿಂತವರಿಗೂ ಕೊನೆಯವರಿಗೂ ಒಂದೇ ಸಾಂಬಾರು ಸಿಗುವುದಿಲ್ಲ.

ಒಂದು ದಿನದ ಲೆಕ್ಕದ ಮೇಲೆ ಏನೂ ತೀರ್ಮಾನಿಸಬೇಡಿ, ಆರೂ ದಿನದ್ದನ್ನು ಹೀಗೇ ಮಾಡಿ. ಪಲಾವ್ ಅಥವಾ ಉಪ್ಪಿಟ್ಟು ಮಾಡಿದ ದಿನ ಬೇಳೆ ಕಮ್ಮಿ ಇದ್ದು ಬೇರೆ ದಿನ ಸರಿಯಾಗಿದ್ದರೆ ಅದು ಅಡುಗೆಯ ಸ್ವಭಾವ. ಆರೂ ದಿನ ಬೇಳೆ ಕಮ್ಮಿ ಇದ್ದರೆ ದಾಸ್ತಾನೇ ತಡವಾಗಿ ಬರುತ್ತಿರಬಹುದು, ಅದಕ್ಕೆ ಇದ್ದದ್ದನ್ನು ಎಳೆದೆಳೆದು ಬಳಸುತ್ತಿರಬಹುದು. ದಾಸ್ತಾನು ವಹಿಯಲ್ಲಿ ಬೇಳೆ ಬಂದ ದಿನಾಂಕ ನೋಡಿದರೆ ಗೊತ್ತಾಗುತ್ತದೆ. ತರಕಾರಿಯ ಕಥೆ ಬೇರೆ. ಅದನ್ನು ಸ್ಥಳೀಯವಾಗಿ ಕೊಳ್ಳುತ್ತಾರೆ, ದುಡ್ಡು ಬರುವುದು ತಲೆಗೆ ಇಷ್ಟು ಎಂಬ ಲೆಕ್ಕದಲ್ಲಿ. ಟೊಮೆಟೊ, ಬೀನ್ಸ್ ಬೆಲೆ ಏರಿದ ತಿಂಗಳು ಆ ದುಡ್ಡು ಏರುವುದಿಲ್ಲ, ತರಕಾರಿ ಇಳಿಯುತ್ತದೆ. ಅಂಥ ಕಡೆ ಎಸ್‌ಡಿಎಂಸಿ ಸಭೆಯಲ್ಲಿ ನುಗ್ಗೆ ಸೊಪ್ಪು, ಕೈತೋಟ, ಊರಿನವರು ಕೊಡುವ ತರಕಾರಿ ಇಂಥ ಮಾತು ಎತ್ತುವುದು ದೂರು ಬರೆಯುವುದಕ್ಕಿಂತ ಬೇಗ ಕೆಲಸ ಮಾಡುತ್ತದೆ.

ವಹಿ ತುಂಬಾ ಚೆನ್ನಾಗಿದ್ದರೆ

ಬಳಕೆ ಪ್ರತಿ ದಿನವೂ ನಿಯಮದ ಅಳತೆಗೆ ಗ್ರಾಂ ಲೆಕ್ಕದಲ್ಲಿ ಸರಿಹೊಂದಿದರೆ ಸ್ವಲ್ಪ ಯೋಚಿಸಿ. 57 ಚಿಕ್ಕವರು, 38 ದೊಡ್ಡವರು ಬಂದ ದಿನ ಬೇಳೆ 2 ಕಿಲೋ 280 ಗ್ರಾಂ ಎಂದು ಬರೆದಿದ್ದರೆ ಅದು ತಕ್ಕಡಿಯಿಂದ ಬಂದ ಅಂಕಿಯಲ್ಲ, ಕ್ಯಾಲ್ಕುಲೇಟರಿನಿಂದ ಬಂದದ್ದು. ಅಡುಗೆಯವರು ಅಳೆಯುವುದು ಡಬ್ಬಿಯಲ್ಲಿ, ಬೋಗುಣಿಯಲ್ಲಿ. ಅಲ್ಲಿ ಅಂಕಿ ಅಷ್ಟು ಚೂಪಾಗಿ ಬರುವುದಿಲ್ಲ. ಇದರರ್ಥ ಮೋಸ ನಡೆದಿದೆ ಎಂದಲ್ಲ. ಹಾಜರಿಯನ್ನು ಅಳತೆಯಿಂದ ಗುಣಿಸಿ ಬರೆಯುವುದು ವಹಿ ತುಂಬುವ ಸುಲಭದ ದಾರಿ, ಅಷ್ಟೇ. ಆದರೆ ಆ ವಹಿಯಿಂದ ನಿಮ್ಮ ಲೆಕ್ಕ ಹಾಕಿ ಪ್ರಯೋಜನವಿಲ್ಲ.

ಆಗ ಪತ್ರದ ಕೊನೆಯಲ್ಲಿ ಕೇಳಿದ್ದ "ಒಂದು ದಿನ ಬಂದು ನೋಡುತ್ತೇನೆ" ಎಂಬ ಸಾಲು ಉಪಯೋಗಕ್ಕೆ ಬರುತ್ತದೆ. ಬೇಳೆ ತೊಳೆಯುವ ಮೊದಲು ಅಲ್ಲಿರಿ. ಎಷ್ಟು ಡಬ್ಬಿ ಹಾಕಿದರು ಎಂದು ನೋಡಿ, ಒಂದು ಡಬ್ಬಿ ಎಷ್ಟು ತೂಗುತ್ತದೆ ಎಂದು ಒಂದೇ ಸಲ ತೂಗಿದರೆ ಸಾಕು. ಊಟದ ಹೊತ್ತಿಗೆ ಮಕ್ಕಳ ಸಾಲಿನ ಕೊನೆಯಲ್ಲಿ ನಿಂತು ಸಾಂಬಾರು ನೋಡಿ. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವಿದೆ, ಆ ದಿನ ನೀವೂ ಜೊತೆಗೆ ನೋಡಬಹುದು.

ಇನ್ನೊಂದು ವಿಷಯ ಅಕ್ಕಿ ಆರಿಸುವಾಗ ಕಣ್ಣಿಗೆ ಬೀಳುತ್ತದೆ. ಸಾರವರ್ಧಿತ ಅಕ್ಕಿಯಲ್ಲಿ ನೂರು ಕಾಳಿಗೆ ಒಂದರಂತೆ ಬೇರೆ ಬಣ್ಣದ ಕಾಳು ಬೆರೆಸಿರುತ್ತಾರೆ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಯ ಆಕಾರಕ್ಕೆ ಒತ್ತಿದ ಕಾಳು ಅದು. "ಪ್ಲಾಸ್ಟಿಕ್ ಅಕ್ಕಿ" ಎಂದು ಹೆದರಿ ಅದನ್ನು ಆರಿಸಿ ಎಸೆಯುವುದನ್ನು ಹಲವು ಕಡೆ ಕಾಣುತ್ತೇವೆ. ಎಸೆದರೆ ರಕ್ತಹೀನತೆ ಇರುವ ಮಗುವಿಗೆ ಬೇಕಾದ ಕಬ್ಬಿಣವೇ ಹೋಯಿತು. ನಿಗದಿಯ ಪ್ರಕಾರ ಒಂದು ಕಿಲೋ ಬೆರೆಸಿದ ಅಕ್ಕಿಯಲ್ಲಿ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಇರಬೇಕು. 150 ಗ್ರಾಂ ಅಕ್ಕಿಗೆ ಸುಮಾರು 4ರಿಂದ 6 ಮಿಲಿಗ್ರಾಂ ಆಯಿತು. ಡಾಕ್ಟರಿಗೆ ತೋರಿಸುವ ಚೀಟಿಯಲ್ಲಿ ಇದನ್ನು ಬರೆಯಿರಿ.

ಊಟ ಕೇಂದ್ರ ಅಡುಗೆ ಮನೆಯಿಂದ ಬಂದರೆ

ನಗರದ ಹಲವು ಶಾಲೆಗಳಿಗೆ ಊಟ ವ್ಯಾನಿನಲ್ಲಿ ಬರುತ್ತದೆ. ಅಲ್ಲಿ ಮುಖ್ಯ ಶಿಕ್ಷಕರ ಹತ್ತಿರ ಬೇಳೆಯ ವಹಿ ಇರುವುದಿಲ್ಲ, ಎಷ್ಟು ಡಬ್ಬಿ ಬಂತು ಎಂಬ ಲೆಕ್ಕ ಮಾತ್ರ ಇರುತ್ತದೆ. ಪತ್ರ ಅವರಿಗೇ ಬರೆಯಿರಿ, ಆದರೆ ಎರಡನೇ ಅಂಶದಲ್ಲಿ "ಊಟ ಒದಗಿಸುವ ಸಂಸ್ಥೆಯಿಂದ ಪಡೆದು ಕೊಡಬೇಕು" ಎಂದು ಸೇರಿಸಿ. ಇಂಥ ಕಡೆ ಪ್ರಯೋಗಾಲಯದ ವರದಿ ಸಿಗುವ ಸಾಧ್ಯತೆ ಜಾಸ್ತಿ, ಅದಕ್ಕೆ ಒತ್ತು ಕೊಡಿ. ವರದಿಯಲ್ಲಿ ಅಂಕಿ "100 ಗ್ರಾಂ ಬೆಂದ ಊಟಕ್ಕೆ" ಎಂದಿರುತ್ತದೋ "ಒಂದು ಊಟಕ್ಕೆ" ಎಂದಿರುತ್ತದೋ ಮೊದಲು ನೋಡಿ. 100 ಗ್ರಾಂ ಅನ್ನ ಸಾಂಬಾರಿಗೆ 4 ಗ್ರಾಂ ಪ್ರೋಟೀನ್ ಎಂದಿದ್ದರೆ ಗಾಬರಿಯಾಗಬೇಡಿ, ಮಗು ತಿನ್ನುವುದು ಅದರ ನಾಲ್ಕೈದು ಪಟ್ಟು.

ಉತ್ತರವೇ ಬರದಿದ್ದರೆ

ಹತ್ತು ಹದಿನೈದು ದಿನ ಬಿಟ್ಟು ಒಮ್ಮೆ ಹೋಗಿ ನೆನಪಿಸಿ. ಆಮೇಲೂ ಬರದಿದ್ದರೆ ಮುದ್ರೆ ಹಾಕಿಸಿಕೊಂಡ ಪ್ರತಿಯ ಜೆರಾಕ್ಸ್ ಇಟ್ಟು ತಾಲ್ಲೂಕಿನ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ ಬರೆಯಿರಿ. ಹೆಚ್ಚಿನ ಸಲ ಅಲ್ಲಿಂದ ಒಂದು ಫೋನ್ ಬಂದರೆ ಶಾಲೆಯಲ್ಲಿ ವಹಿ ತೆರೆದುಕೊಳ್ಳುತ್ತದೆ.

ಮಾಹಿತಿ ಹಕ್ಕಿನ ಅರ್ಜಿ ಕೊನೆಯ ದಾರಿಯಾಗಿರಲಿ. ಮೊದಲೇ ಹಾಕಿದರೆ ಶಾಲೆಯ ಜೊತೆಗಿನ ಮಾತು ಕೆಡುತ್ತದೆ, ಉತ್ತರಕ್ಕೆ 30 ದಿನವೂ ಹಿಡಿಯುತ್ತದೆ. ಹಾಕುವುದೇ ಆದರೆ ಶುಲ್ಕ 10 ರೂಪಾಯಿ, ಅಂಚೆ ಕಚೇರಿಯಲ್ಲಿ ಸಿಗುವ ಪೋಸ್ಟಲ್ ಆರ್ಡರ್ ಲಗತ್ತಿಸಬಹುದು. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ, ಕಾರ್ಡಿನ ಪ್ರತಿ ಇಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದದೊಳಗೆ ಇರಬೇಕು. ಹಾಗಾಗಿ ಮಾತ್ರೆಯ ದಿನಾಂಕ, ಫಲಕ ಖಾಲಿ ಇರುವುದು ಇವನ್ನೆಲ್ಲ ಇದರಲ್ಲಿ ತುರುಕಬೇಡಿ. ಇಷ್ಟು ಬರೆದರೆ ಸಾಕು:

> (ಶಾಲೆಯ ಹೆಸರು) ಶಾಲೆಯಲ್ಲಿ ದಿನಾಂಕ ______ ರಿಂದ ______ ವರೆಗೆ ಮಧ್ಯಾಹ್ನದ ಬಿಸಿಯೂಟಕ್ಕೆ ಸಂಬಂಧಿಸಿದ ದಿನವಹಿ ಬಳಕೆ ವಹಿ ಮತ್ತು ದಾಸ್ತಾನು ವಹಿಯ ಪುಟಗಳ ದೃಢೀಕೃತ ಪ್ರತಿಗಳನ್ನು ಹಾಗೂ ಇದೇ ಶಾಲೆಯ ಊಟದ ಮಾದರಿಯ ಪ್ರಯೋಗಾಲಯ ವರದಿ ಇದ್ದಲ್ಲಿ ಅದರ ಪ್ರತಿಯನ್ನು ಒದಗಿಸಬೇಕು.

"ಯಾಕೆ ಕಮ್ಮಿ ಹಾಕಿದ್ದೀರಿ" ಎಂಬಂಥ ಪ್ರಶ್ನೆ ಇದರಲ್ಲಿ ಬೇಡ. ಮಾಹಿತಿ ಹಕ್ಕಿನಲ್ಲಿ ಇರುವ ದಾಖಲೆ ಕೇಳಬಹುದು, ಕಾರಣ ಕೇಳಿದರೆ ಆ ಒಂದು ಪ್ರಶ್ನೆಯ ನೆಪದಲ್ಲಿ ಅರ್ಜಿ ತಳ್ಳಿಹೋಗುತ್ತದೆ. ತಪ್ಪು ಕಚೇರಿಗೆ ಕೊಟ್ಟಿದ್ದರೆ ಅವರೇ 5 ದಿನದೊಳಗೆ ಸರಿಯಾದ ಕಚೇರಿಗೆ ಕಳಿಸಬೇಕು.

ಲೆಕ್ಕ ಕೈಗೆ ಬಂದ ಮೇಲೆ ಡಾಕ್ಟರಿಗೆ ವಹಿಯ ಪುಟಗಳನ್ನು ಒಯ್ಯಬೇಡಿ, ಅವರಿಗೆ ಓದಲು ಹೊತ್ತಿರುವುದಿಲ್ಲ. ಅರ್ಧ ಹಾಳೆಯಲ್ಲಿ ನಾಲ್ಕು ಸಾಲು ಬರೆದುಕೊಂಡು ಹೋಗಿ: ಮಧ್ಯಾಹ್ನದ ಊಟದಲ್ಲಿ ಸರಾಸರಿ ಎಷ್ಟು ಗ್ರಾಂ ಪ್ರೋಟೀನ್, ಎಷ್ಟು ಕ್ಯಾಲೊರಿ. ಅಕ್ಕಿ ಸಾರವರ್ಧಿತ ಹೌದೋ ಅಲ್ಲವೋ. ವಾರದಲ್ಲಿ ಎಷ್ಟು ದಿನ ಮೊಟ್ಟೆ, ಎಷ್ಟು ದಿನ ಹಾಲು. ಕಬ್ಬಿಣದ ಮಾತ್ರೆ, ಜಂತುಹುಳುವಿನ ಮಾತ್ರೆ ಕೊನೆಯ ಸಲ ಯಾವಾಗ.